ಆರು ಕ್ಲಿನಿಕ್, ತಿಂಗಳಿಗೆ ನಲವತ್ತು ಉತ್ತರ: ಸ್ಕೋರನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮದು ಆರು ಸಣ್ಣ ಕ್ಲಿನಿಕ್‌ಗಳು. ರೋಗಿಗಳಿಂದ ಫೀಡ್‌ಬ್ಯಾಕ್ ತಗೊಂಡು, "ಬೇರೆಯವರಿಗೆ ನಮ್ಮನ್ನು ಶಿಫಾರಸು ಮಾಡ್ತೀರಾ" ಅನ್ನೋ ಸ್ಕೋರ್ ಶುರು ಮಾಡಬೇಕು ಅಂತಿದ್ದೀವಿ. ಒಂದು ಕ್ಲಿನಿಕ್‌ನಿಂದ ತಿಂಗಳಿಗೆ 40 ಉತ್ತರ ಬರಬಹುದು. ಎಲ್ಲಿಂದ ಶುರು ಮಾಡೋದು? ತಿಂಗಳು ತಿಂಗಳು ಕ್ಲಿನಿಕ್‌ಗಳಿಗೆ ರ್‍ಯಾಂಕ್ ಕೊಟ್ಟರೆ ಸರಿನಾ?

ರ್‍ಯಾಂಕ್ ಪಟ್ಟಿಯೊಂದು ಮಾತ್ರ ಬೇಡ. ನಾನು ಇಂಥದ್ದೇ ಒಂದು ಕ್ಲಿನಿಕ್ ಗುಂಪಿನಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದೆ. ಮೊದಲ ವರ್ಷ ನಾವು ಅದನ್ನೇ ಮಾಡಿದೆವು. ಪ್ರತಿ ತಿಂಗಳ ಮೊದಲ ವಾರ ಪಟ್ಟಿ ಹೊರಡುತ್ತಿತ್ತು. ಮೇಲಿದ್ದವರಿಗೆ ಶಭಾಷ್, ಕೆಳಗಿದ್ದವರಿಗೆ ಒಂದು ಫೋನ್. ಮುಂದಿನ ತಿಂಗಳು ಕೆಳಗಿದ್ದವರು ಮೇಲೆ ಬರುತ್ತಿದ್ದರು, ಮೇಲಿದ್ದವರು ಕೆಳಗೆ ಇಳಿಯುತ್ತಿದ್ದರು. ನನ್ನ ಫೋನ್‌ನಿಂದಲೇ ಸುಧಾರಿಸಿತು ಅಂದುಕೊಂಡಿದ್ದೆ. ಅದು ಹಾಗಲ್ಲ ಅಂತ ಗೊತ್ತಾಗಲು ವರ್ಷ ಹಿಡಿಯಿತು.

ಲೆಕ್ಕ ನಿಮಗೆ ಗೊತ್ತಿರಬಹುದು, ಆದರೂ ಒಂದು ಸಲ ನೋಡಿಬಿಡೋಣ. 2003ರಲ್ಲಿ ಅಮೆರಿಕದ ಮ್ಯಾನೇಜ್‌ಮೆಂಟ್ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ ಜನಪ್ರಿಯ ಮಾಡಿದ ಎನ್‌ಪಿಎಸ್, ಅಂದರೆ ನೆಟ್ ಪ್ರಮೋಟರ್ ಸ್ಕೋರ್ ಇದು. 0ಯಿಂದ 10ರವರೆಗೆ ಅಂಕ. 9, 10 ಕೊಟ್ಟವರು ಪ್ರಮೋಟರ್‌ಗಳು. 0ಯಿಂದ 6 ಕೊಟ್ಟವರು ಡಿಟ್ರಾಕ್ಟರ್‌ಗಳು. 7, 8 ಕೊಟ್ಟವರು ನಡುವಿನವರು, ಕೂಡುವುದಕ್ಕೂ ಇಲ್ಲ ಕಳೆಯುವುದಕ್ಕೂ ಇಲ್ಲ. ಪ್ರಮೋಟರ್‌ಗಳ ಶೇಕಡಾವಾರಿನಲ್ಲಿ ಡಿಟ್ರಾಕ್ಟರ್‌ಗಳ ಶೇಕಡಾವಾರು ಕಳೆದರೆ ಸ್ಕೋರ್. ಅಂಕಗಳು ಶೀಟ್‌ನ C ಕಾಲಂನಲ್ಲಿದ್ದರೆ ಇಷ್ಟೇ:

```
=(COUNTIF(C2:C41,">=9")-COUNTIF(C2:C41,"<=6"))/COUNT(C2:C41)*100
```

ಈಗ ನಿಮ್ಮ 40 ಉತ್ತರಕ್ಕೆ ಬರೋಣ. ಒಂದು ತಿಂಗಳು 24 ಜನ 9–10 ಕೊಟ್ಟರು, 10 ಜನ 7–8, 6 ಜನ ಅದಕ್ಕಿಂತ ಕಡಿಮೆ. 60ರಲ್ಲಿ 15 ಕಳೆದರೆ 45. ಮುಂದಿನ ತಿಂಗಳು 20, 9, 11. ಸ್ಕೋರ್ 22.5. ಅರ್ಧಕ್ಕೆ ಇಳಿಯಿತು! ಆದರೆ ಬದಲಾಗಿದ್ದು ಎಷ್ಟು ಜನ? ಮೇಲಿನವರಲ್ಲಿ ನಾಲ್ಕು ಜನ ಕಡಿಮೆ, ಕೆಳಗಿನವರಲ್ಲಿ ಐದು ಜನ ಜಾಸ್ತಿ. ಬೇರೆ ನಲವತ್ತು ಜನ ಉತ್ತರ ಕೊಟ್ಟಿದ್ದರೆ ಇಷ್ಟು ವ್ಯತ್ಯಾಸ ತಾನಾಗಿಯೇ ಬಂದುಬಿಡುತ್ತದೆ. 40 ಉತ್ತರ ಇರುವಾಗ ಇಂಥ ಸ್ಕೋರಿಗೆ ಎರಡೂ ಕಡೆ ಸುಮಾರು 25 ಅಂಕದಷ್ಟು ಅನುಮಾನ ಇಟ್ಟುಕೊಳ್ಳಬೇಕು. ಅಂದರೆ ಆ 45, ನಿಜದಲ್ಲಿ 20 ಇರಬಹುದು, 70 ಕೂಡ ಇರಬಹುದು. ಮೂರು ತಿಂಗಳದ್ದು ಸೇರಿಸಿ 120 ಉತ್ತರ ನೋಡಿದರೆ ಅನುಮಾನ 14ರ ಹತ್ತಿರಕ್ಕೆ ಇಳಿಯುತ್ತದೆ. ಆಗಲೂ ಆರು ಕ್ಲಿನಿಕ್‌ಗಳನ್ನು ಒಂದರ ಕೆಳಗೊಂದು ಜೋಡಿಸುವಷ್ಟು ನಿಖರ ಅಲ್ಲ.

ಹಾಗಾಗಿ ಸ್ಕೋರನ್ನು ಕ್ಲಿನಿಕ್‌ವಾರು ನೋಡುವುದಾದರೆ ಕಳೆದ ಮೂರು ತಿಂಗಳದ್ದು ಒಟ್ಟಿಗೆ ನೋಡಿ. ಆರೂ ಸೇರಿಸಿದ ಸ್ಕೋರನ್ನು ಬೇಕಾದರೆ ತಿಂಗಳಿಗೊಮ್ಮೆ ನೋಡಿ. ಒಬ್ಬೊಬ್ಬ ಡಾಕ್ಟರಿಗೆ ಪ್ರತ್ಯೇಕ ಸ್ಕೋರ್ ಅಂತ ಯಾರಾದರೂ ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಕೊಡಬೇಡಿ. ಸಂಬಳಕ್ಕಂತೂ ಅದನ್ನು ಕಟ್ಟಲೇಬೇಡಿ. ವೈರಲ್ ಜ್ವರಕ್ಕೆ ಆಂಟಿಬಯಾಟಿಕ್ ಬೇಡ ಅಂದ ಡಾಕ್ಟರಿಗೆ 4 ಬೀಳುತ್ತದೆ, ಕೇಳಿದ್ದನ್ನೆಲ್ಲ ಬರೆದುಕೊಟ್ಟವರಿಗೆ 10. ಅಂಕಕ್ಕೆ ದುಡ್ಡು ಸೇರಿಸಿದರೆ ನೀವೇ ಕೆಟ್ಟ ವೈದ್ಯಕ್ಕೆ ಬಹುಮಾನ ಕೊಟ್ಟ ಹಾಗೆ.

ಹಾಗಾದರೆ ಸ್ಕೋರ್ ಯಾಕೆ ಬೇಕು? ಯಾರಿಗೆ ಫೋನ್ ಮಾಡಬೇಕು ಅಂತ ತೋರಿಸುವುದಕ್ಕೆ. ಮೇಲೆ ಹೇಳಿದ 45ರಿಂದ 22.5ಕ್ಕೆ ಬಿದ್ದದ್ದು ನಮ್ಮದೇ ಒಂದು ಕ್ಲಿನಿಕ್. ಅಷ್ಟೊತ್ತಿಗೆ ನನಗೆ ಬುದ್ಧಿ ಬಂದಿತ್ತು, ಬೈಯಲು ಹೋಗಲಿಲ್ಲ. ಕಡಿಮೆ ಅಂಕ ಕೊಟ್ಟ 11 ಜನಕ್ಕೂ ಫೋನ್ ಮಾಡಿದೆವು, ಒಂಬತ್ತು ಜನ ಸಿಕ್ಕರು. ನಾಲ್ವರದು ಬೇರೆ ಬೇರೆ ದೂರು: ಪಾರ್ಕಿಂಗ್, ಫೀಸು, ಹೀಗೆ. ಉಳಿದ ಐದೂ ಜನ ಹೇಳಿದ್ದು ಒಂದೇ: "ರಕ್ತದ ರಿಪೋರ್ಟ್ ಸಂಜೆ ಆರಕ್ಕೆ ಬನ್ನಿ ಅಂದ್ರು. ಹೋದ್ರೆ ಬಂದಿರಲಿಲ್ಲ. ನಾಳೆ ಬನ್ನಿ ಅಂದ್ರು." ವಿಚಾರಿಸಿದರೆ, ಸ್ಯಾಂಪಲ್ ಒಯ್ಯುವವರ ಕೊನೆಯ ಸುತ್ತು ಮೊದಲಿಗಿಂತ ಒಂದು ಗಂಟೆ ಬೇಗ ಆಗತೊಡಗಿ ಆಗಲೇ ಮೂರು ವಾರ ಆಗಿತ್ತು. ಹನ್ನೊಂದೂವರೆ ಮೇಲೆ ಕೊಟ್ಟ ರಕ್ತ ಅವತ್ತು ಲ್ಯಾಬಿಗೇ ಹೋಗುತ್ತಿರಲಿಲ್ಲ. ರಿಸೆಪ್ಷನ್‌ಗೆ ಇದನ್ನು ಯಾರೂ ಹೇಳಿರಲಿಲ್ಲ. ಅವರು ಹಳೇ ಅಭ್ಯಾಸದಲ್ಲಿ "ಆರಕ್ಕೆ ಬನ್ನಿ" ಅನ್ನುತ್ತಲೇ ಇದ್ದರು. ಪರಿಹಾರ ಸಣ್ಣದು. ಹನ್ನೊಂದೂವರೆ ನಂತರದವರಿಗೆ "ನಾಳೆ ಬೆಳಿಗ್ಗೆ, ನಾವು ಮೆಸೇಜ್ ಮಾಡಿದ ಮೇಲೆ ಬನ್ನಿ" ಅನ್ನುವುದು.

ಸ್ಕೋರ್ ಬಿದ್ದದ್ದು ಅದರಿಂದಲೇ ಅಂತ ನಾನು ಹೇಳಲಾರೆ. ಆ ಐದು ಜನ ಇಲ್ಲದಿದ್ದರೂ ಬೀಳಬಹುದಿತ್ತು. ಆದರೆ ಐದು ಜನ ಒಂದೇ ಮಾತು ಹೇಳಿದ್ದು, ಅದಕ್ಕೆ ಕಣ್ಣಿಗೆ ಕಾಣುವ ಕಾರಣ ಸಿಕ್ಕಿದ್ದು, ಅದು ಯಾವ ಸ್ಕೋರಿಗಿಂತಲೂ ಗಟ್ಟಿ.

ಈ ಫೋನ್ ಕೆಲಸಕ್ಕೆ ಮೊದಲೇ ಒಬ್ಬರನ್ನು ಗೊತ್ತು ಮಾಡಿ. ಆ ಕ್ಲಿನಿಕ್‌ನ ರಿಸೆಪ್ಷನ್‌ನವರು ಬೇಡ, ಚಿಕಿತ್ಸೆ ಕೊಟ್ಟ ಡಾಕ್ಟರಂತೂ ಬೇಡವೇ ಬೇಡ. ರೋಗಿಗೆ ಮುಂದಿನ ಸಲ ಅದೇ ಡಾಕ್ಟರ್ ಹತ್ತಿರ ಹೋಗಬೇಕಲ್ವಾ, "ಎಲ್ಲಾ ಚೆನ್ನಾಗಿತ್ತು ಸರ್" ಅಂತಲೇ ಹೇಳುತ್ತಾರೆ. ಹೆಡ್ ಆಫೀಸಿನ ಯಾರಾದರೂ, ಎರಡು ಕೆಲಸದ ದಿನದೊಳಗೆ. ಅದಕ್ಕಿಂತ ತಡವಾದರೆ ಜನ ಏನಾಯಿತು ಅನ್ನುವುದನ್ನು ಮರೆತು, ಸಿಟ್ಟನ್ನು ಮಾತ್ರ ಇಟ್ಟುಕೊಂಡಿರುತ್ತಾರೆ. ಫೋನ್ ಮಾಡುವವರು ಸಮಜಾಯಿಷಿ ಕೊಡಬಾರದು. "ಏನಾಯ್ತು ಅಂತ ಸ್ವಲ್ಪ ಹೇಳ್ತೀರಾ?" ಅಂತ ಕೇಳಿ ಸುಮ್ಮನಿದ್ದರೆ ಸಾಕು. ರೋಗಿಯ ಹೆಸರು ತೆಗೆದು ವಿಷಯ ಮಾತ್ರ ಕ್ಲಿನಿಕ್‌ಗೆ ಹೋಗಲಿ.

ಇಲ್ಲಿ ನಾವು ಮಾಡಿದ ದೊಡ್ಡ ತಪ್ಪೊಂದನ್ನು ಹೇಳುತ್ತೇನೆ. ನಮ್ಮ ಪಟ್ಟಿಗೆ 6 ಮತ್ತು ಅದಕ್ಕಿಂತ ಕಡಿಮೆ ಅಂಕದವರು ಮಾತ್ರ ಬರುತ್ತಿದ್ದರು. ಒಂದು ಶನಿವಾರ ರಾತ್ರಿ ಒಬ್ಬರು 8 ಕೊಟ್ಟು, ಕೆಳಗೆ ಬರೆದಿದ್ದರು: "ಡಾಕ್ಟರ್ ಒಳ್ಳೆಯವರು. ಮಾತ್ರೆ ತಗೊಂಡಾಗಿನಿಂದ ಮೈಯೆಲ್ಲಾ ದದ್ದು." 8 ಅಲ್ವಾ, ಯಾರೂ ನೋಡಲಿಲ್ಲ. ಸೋಮವಾರ ಮಧ್ಯಾಹ್ನ ಅಕಸ್ಮಾತ್ ನನ್ನ ಕಣ್ಣಿಗೆ ಬಿತ್ತು. ಅದೃಷ್ಟಕ್ಕೆ ಅವರು ಮಾತ್ರೆಯನ್ನು ತಾವೇ ನಿಲ್ಲಿಸಿದ್ದರು. ಅವತ್ತಿನಿಂದ ಅಂಕ ಎಷ್ಟೇ ಇರಲಿ, ಬರೆದ ಮಾತುಗಳನ್ನೆಲ್ಲ ಪ್ರತಿ ದಿನ ಒಬ್ಬರು ಓದಲೇಬೇಕು ಅಂತ ಮಾಡಿದೆವು, ಭಾನುವಾರವೂ. ಔಷಧಿ, ನೋವು, ಜ್ವರ ಅಂತ ಏನೇ ಕಂಡರೂ ಅದು ಫೀಡ್‌ಬ್ಯಾಕ್ ಅಲ್ಲ, ತಕ್ಷಣ ಡ್ಯೂಟಿ ಡಾಕ್ಟರಿಗೆ ಹೋಗಬೇಕು. ಮೆಸೇಜಿನ ಕೊನೆಗೂ ಒಂದು ಸಾಲು ಸೇರಿಸಿದೆವು: ಆರೋಗ್ಯದ ತೊಂದರೆ ಇದ್ದರೆ ಇಲ್ಲಿ ಬರೆಯಬೇಡಿ, ಈ ನಂಬರಿಗೆ ಕರೆ ಮಾಡಿ.

ಮೆಸೇಜ್ ಬಗ್ಗೆ ಹೇಳುವುದು ಕಡಿಮೆ. ಎರಡೇ ಪ್ರಶ್ನೆ ಸಾಕು: ಅಂಕ, ಮತ್ತು "ಈ ಅಂಕ ಯಾಕೆ?" ಅಂಕದ ಎರಡು ತುದಿಗೂ ಮಾತಿನಲ್ಲಿ ಅರ್ಥ ಬರೆಯಿರಿ, "0: ಖಂಡಿತ ಹೇಳುವುದಿಲ್ಲ, 10: ಖಂಡಿತ ಹೇಳುತ್ತೇನೆ" ಅಂತ. ಇಲ್ಲದಿದ್ದರೆ ಕೆಲವರು 1 ಅಂದರೆ ಫಸ್ಟ್ ರ್‍ಯಾಂಕ್ ಅಂದುಕೊಳ್ಳುತ್ತಾರೆ. "1, ತುಂಬಾ ಒಳ್ಳೆಯ ಕ್ಲಿನಿಕ್" ಅನ್ನುವ ಉತ್ತರ ಬಂದರೆ ಇದೇ ಆಗಿದೆ ಅಂತ ತಿಳಿಯಿರಿ. ಮೆಸೇಜ್‌ನಲ್ಲಿ ಯಾವ ವಿಭಾಗ, ಯಾವ ಡಾಕ್ಟರ್ ಅಂತ ಬರೆಯಬೇಡಿ. ಆ ಫೋನ್ ಮನೆಯವರ ಕೈಯಲ್ಲಿರಬಹುದು. ಒಬ್ಬರಿಗೆ ಮೂರು ತಿಂಗಳಿಗೊಮ್ಮೆ ಸಾಕು, ಇಲ್ಲದಿದ್ದರೆ ವಾರ ವಾರ ಡ್ರೆಸ್ಸಿಂಗ್‌ಗೆ ಬರುವವರಿಗೆ ಬೇಜಾರಾಗುತ್ತದೆ.

"ಶಿಫಾರಸು" ಅನ್ನುವ ಪದವೇ ಕ್ಲಿನಿಕ್‌ಗೆ ಅಷ್ಟು ಹೊಂದುವುದಿಲ್ಲ. ಮೂಲವ್ಯಾಧಿಗೆ ಬಂದವರು ಯಾರ ಹತ್ತಿರ ಹೇಳಿಕೊಳ್ಳುತ್ತಾರೆ? ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2013ರಲ್ಲಿ ಆಸ್ಪತ್ರೆಗಳಲ್ಲಿ ಇದೇ ಥರದ ಶಿಫಾರಸಿನ ಪ್ರಶ್ನೆ ಶುರು ಮಾಡಿ, 2020ರಲ್ಲಿ ಅದನ್ನು ಬಿಟ್ಟು "ಒಟ್ಟಾರೆ ನಿಮ್ಮ ಅನುಭವ ಹೇಗಿತ್ತು" ಅಂತ ಬದಲಾಯಿಸಿತು. ನಿಮಗೆ ಸ್ಕೋರೇ ಬೇಕಿದ್ದರೆ "ನಿಮ್ಮವರಿಗೆ ಇಂಥದ್ದೇ ಚಿಕಿತ್ಸೆ ಬೇಕಾದರೆ" ಅಂತ ಶುರು ಮಾಡಿ, ಸ್ವಲ್ಪ ಸರಿಹೋಗುತ್ತದೆ.

ಇನ್ನೊಂದು, ಸ್ಕೋರ್ ಕೆಡುವ ಜಾಗ ಯಾವಾಗಲೂ ರಿಸೆಪ್ಷನ್ ಕೌಂಟರ್. ನಾವು ಮೊದಲು ಕೌಂಟರಿನಲ್ಲಿ ಟ್ಯಾಬ್ ಇಟ್ಟಿದ್ದೆವು. ಒಂದು ಕ್ಲಿನಿಕ್‌ನಲ್ಲಿ ಸಾಲಾಗಿ ಹತ್ತುಗಳೇ ಬಂದವು. ಹೋಗಿ ಅರ್ಧ ದಿನ ಕೂತು ನೋಡಿದೆ. ಹುಡುಗಿ ಟ್ಯಾಬ್ ಕೊಡುತ್ತಾ, ನಗುತ್ತಾ, "ಹತ್ತು ಒತ್ತಿಬಿಡಿ ಆಂಟಿ" ಅನ್ನುತ್ತಿದ್ದಳು. ಮುಖ ಹಿಂಡಿಕೊಂಡು ಬಂದವರ ಮುಂದೆ ಟ್ಯಾಬ್ ಹೊರಗೇ ಬರುತ್ತಿರಲಿಲ್ಲ. ಅವಳನ್ನು ಏನು ಅನ್ನೋದು, ರ್‍ಯಾಂಕ್ ಪಟ್ಟಿ ಮಾಡಿದವನೇ ನಾನು. ಟ್ಯಾಬ್ ತೆಗೆದು, ಬಿಲ್ ಆದ ಪ್ರತಿಯೊಬ್ಬರಿಗೂ ಮಾರನೆಯ ದಿನ ಬೆಳಿಗ್ಗೆ ಸಿಸ್ಟಮ್‌ನಿಂದಲೇ ಮೆಸೇಜ್ ಹೋಗುವ ಹಾಗೆ ಮಾಡಿದೆವು. ಆಗ ಮೋಸ ಬೇರೆ ದಾರಿ ಹಿಡಿಯಿತು: ಸಿಟ್ಟಾದವರ ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪು. ಅದಕ್ಕೆ ಸ್ಕೋರಿನ ಪಕ್ಕದಲ್ಲೇ ಇನ್ನೆರಡು ಅಂಕಿ ಇಡಿ. ಬಿಲ್ ಆದವರಲ್ಲಿ ಎಷ್ಟು ಜನಕ್ಕೆ ಮೆಸೇಜ್ ತಲುಪಿತು, ತಲುಪಿದವರಲ್ಲಿ ಎಷ್ಟು ಜನ ಉತ್ತರ ಕೊಟ್ಟರು. ಒಂದು ಕ್ಲಿನಿಕ್‌ನಲ್ಲಿ ಮಾತ್ರ ತಲುಪದವು ಜಾಸ್ತಿಯಾದರೆ, ಅಥವಾ ಒಂದೇ ನಂಬರ್ ಹತ್ತಾರು ರೋಗಿಗಳ ಹೆಸರಲ್ಲಿ ಕಂಡರೆ, ಆ ಕ್ಲಿನಿಕ್‌ನ ಸ್ಕೋರನ್ನು ಅವತ್ತಿಗೆ ಪಕ್ಕಕ್ಕಿಡಿ.

9, 10 ಕೊಟ್ಟವರಿಗೆ ಮಾತ್ರ ಗೂಗಲ್ ರಿವ್ಯೂ ಲಿಂಕ್ ಕಳಿಸೋಣ ಅಂತ ಮಾರ್ಕೆಟಿಂಗ್‌ನವರು ಬರುತ್ತಾರೆ. ಖುಷಿಯಾದವರನ್ನು ಮಾತ್ರ ಆರಿಸಿ ರಿವ್ಯೂ ಕೇಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಕಳಿಸುವುದಾದರೆ ಎಲ್ಲರಿಗೂ ಕಳಿಸಿ, ಇಲ್ಲ ಬಿಡಿ.

ನಿಮ್ಮ ಜಾಗದಲ್ಲಿದ್ದರೆ ನಾನು ಮೊದಲ ಮೂರು ತಿಂಗಳು ಯಾವ ಕ್ಲಿನಿಕ್‌ಗೂ ಸ್ಕೋರ್ ತೋರಿಸುತ್ತಿರಲಿಲ್ಲ. ವಾರಕ್ಕೊಮ್ಮೆ ಆರೂ ಮ್ಯಾನೇಜರ್‌ಗಳನ್ನು ಅರ್ಧ ಗಂಟೆ ಫೋನಿನಲ್ಲಿ ಸೇರಿಸಿ, ಆ ವಾರದ ದೂರುಗಳನ್ನು ಹೆಸರಿಲ್ಲದೆ ಓದಿ, ಒಂದನ್ನು ಆರಿಸಿ, ಯಾರು ಯಾವತ್ತಿಗೆ ಸರಿ ಮಾಡುತ್ತಾರೆ ಅಂತ ಬರೆದುಕೊಳ್ಳುತ್ತಿದ್ದೆ. ಮುಂದಿನ ವಾರದ ಮಾತು "ಅದು ಆಯ್ತಾ?" ಅನ್ನುವಲ್ಲಿಂದ ಶುರು. ಮೂರು ತಿಂಗಳು ಮುಗಿಯುವ ಹೊತ್ತಿಗೆ ಪ್ರತಿ ಕ್ಲಿನಿಕ್‌ಗೂ ನೂರರ ಮೇಲೆ ಉತ್ತರ ಬಂದಿರುತ್ತದೆ. ಆಮೇಲೆ ಬೇಕಾದರೆ ಸ್ಕೋರ್ ತೋರಿಸಿ, ಪ್ರತಿ ಕ್ಲಿನಿಕ್‌ಗೆ ಅದರದ್ದೇ ಹಿಂದಿನ ಮೂರು ತಿಂಗಳ ಪಕ್ಕದಲ್ಲಿಟ್ಟು.