ವಾಕ್ಯ ಯಾವಾಗ ‘ತಪ್ಪು’, ಯಾವಾಗ ‘ಹೇಳಲಾಗದು’?

ಪ್ರಶ್ನೆ: ಗದ್ಯಭಾಗ ಓದಿ, ಕೊಟ್ಟ ವಾಕ್ಯ ‘ನಿಜ’, ‘ತಪ್ಪು’ ಅಥವಾ ‘ಹೇಳಲಾಗದು’ ಎಂದು ಗುರುತು ಹಾಕುವ ಪ್ರಶ್ನೆಗಳಲ್ಲಿ ‘ತಪ್ಪು’ ಯಾವುದು, ‘ಹೇಳಲಾಗದು’ ಯಾವುದು ಎಂದು ತಿಳಿಯುವುದು ಹೇಗೆ? ಯಾವಾಗಲೂ ಗೊಂದಲ.

ಗದ್ಯಭಾಗವನ್ನು ನಂಬಿದರೆ ಆ ವಾಕ್ಯ ನಿಜವಾಗಲು ಸಾಧ್ಯವೇ ಇಲ್ಲ ಎಂದಾದರೆ ‘ತಪ್ಪು’. ನಿಜವೂ ಇರಬಹುದು, ಸುಳ್ಳೂ ಇರಬಹುದು ಎಂದಾದರೆ ‘ಹೇಳಲಾಗದು’.

ಗದ್ಯ ಹೀಗಿದೆ ಅಂದುಕೊಳ್ಳಿ: “ಜೋಗ ಜಲಪಾತ ಶರಾವತಿ ನದಿಯಲ್ಲಿದೆ. ವರ್ಷದ ಪ್ರವಾಸಿಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮಳೆಗಾಲದಲ್ಲೇ ಬರುತ್ತಾರೆ.”

‘ಮಳೆಗಾಲಕ್ಕಿಂತ ಬೇಸಿಗೆಯಲ್ಲಿ ಜನ ಜಾಸ್ತಿ’ ಎಂಬುದು ತಪ್ಪು. ಅರ್ಧಕ್ಕಿಂತ ಹೆಚ್ಚು ಜನ ಮಳೆಗಾಲಕ್ಕೇ ಹೋದ ಮೇಲೆ ಬೇಸಿಗೆಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ ಅಲ್ವಾ?

‘ಬೇಸಿಗೆಯಲ್ಲಿ ಯಾರೂ ಬರುವುದಿಲ್ಲ’ ಎಂಬುದಕ್ಕೆ ತುಂಬಾ ಜನ ಸುಮ್ನೆ ‘ತಪ್ಪು’ ಎಂದು ಗುರುತು ಹಾಕುತ್ತಾರೆ. ಆದರೆ ಉಳಿದವರೆಲ್ಲ ಚಳಿಗಾಲದಲ್ಲೇ ಬಂದಿರಬಹುದು, ಕೆಲವರು ಬೇಸಿಗೆಯಲ್ಲೂ ಬಂದಿರಬಹುದು. ಎರಡೂ ಗದ್ಯಕ್ಕೆ ಹೊಂದುತ್ತವೆ. ಹಾಗಾಗಿ ಹೇಳಲಾಗದು.

ಜಾಸ್ತಿ ಅಂಕ ಹೋಗುವುದು ನಮಗೆ ಮೊದಲೇ ಗೊತ್ತಿರುವ ವಿಷಯದಲ್ಲಿ. ‘ಜೋಗ ಕರ್ನಾಟಕದಲ್ಲಿದೆ’ ಎಂಬುದು ನಮಗೆಲ್ಲ ಗೊತ್ತು, ನಿಜವೂ ಹೌದು. ಆದರೂ ಇಲ್ಲಿನ ಉತ್ತರ ‘ಹೇಳಲಾಗದು’, ಯಾಕೆಂದರೆ ಗದ್ಯದಲ್ಲಿ ರಾಜ್ಯದ ಮಾತೇ ಇಲ್ಲ. ಉತ್ತರ ಬರೆಯುವ ಮೊದಲು ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡಿ. ಸಾಲು ಸಿಗದಿದ್ದರೆ ‘ನಿಜ’ ಅನ್ನಬೇಡಿ, ‘ತಪ್ಪು’ ಅಂತಲೂ ಅನ್ನಬೇಡಿ.