ಪ್ರತಿಕ್ರಿಯೆ: ದಿನದಿನಕ್ಕೆ ಜಾರುವ ನಿದ್ದೆ

«ಕಾರವಾರದಲ್ಲಿರುವ ನನ್ನ ಅಣ್ಣನಿಗೆ ಎರಡೂ ಕಣ್ಣು ಸ್ವಲ್ಪವೂ ಕಾಣಿಸುವುದಿಲ್ಲ. ಕೆಲವು ವಾರ ಒಳ್ಳೆಯ ನಿದ್ದೆ, ಆಮೇಲೆ ರಾತ್ರಿಯಿಡೀ ಎಚ್ಚರ, ಹಗಲಿಡೀ ತೂಕಡಿಕೆ. ಏಕೆ?»

ಅವರ ದೇಹದ ಗಡಿಯಾರ 24 ಗಂಟೆಗೆ ಹೊಂದಿಕೊಳ್ಳದೆ ದಿನವೂ ಸ್ವಲ್ಪ ಹಿಂದೆ ಬೀಳುತ್ತಿರಬಹುದು. ಬಹುಪಾಲು ಜನರ ಒಳಗಡಿಯಾರದ ಸುತ್ತು 24 ಗಂಟೆಗಿಂತ ತುಸು ಉದ್ದ. ಕಣ್ಣಿನ ಮೂಲಕ ಮಿದುಳು ತಲುಪುವ ಬೆಳಕು ಅದನ್ನು ದಿನವೂ ಸರಿಪಡಿಸುತ್ತದೆ. ಆ ಬೆಳಕು ತಲುಪದಿದ್ದರೆ ತಪ್ಪು ಕೂಡುತ್ತಲೇ ಹೋಗುತ್ತದೆ.

ಮೊದಲು ಆರರಿಂದ ಎಂಟು ವಾರ, ಮಲಗಿದ ಮತ್ತು ತಾನಾಗಿಯೇ ಎದ್ದ ಹೊತ್ತನ್ನು ಬರೆದಿಡಿ. ಶಿರಸಿಯ ನಮ್ಮ ಸೋದರಮಾವನ ನಿದ್ದೆ ರಾತ್ರಿ 10ಕ್ಕೆ ಬರುತ್ತಿದ್ದುದು ಹತ್ತು ದಿನಗಳಲ್ಲಿ ನಸುಕಿನ 3ಕ್ಕೆ ಜಾರಿತ್ತು. ದಿನಕ್ಕೆ ಅರ್ಧ ಗಂಟೆ ಎಂದರೆ ಪೂರ್ತಿ ಸುತ್ತಿ ಮತ್ತೆ 10ಕ್ಕೆ ಬರಲು 48 ದಿನ. ನಿಮ್ಮ ಬರಹದಲ್ಲೂ ನಿದ್ದೆಯ ಹೊತ್ತು ಹೀಗೆ ದಿನದಿನಕ್ಕೆ ಜಾರುವುದು ಕಂಡರೆ ಅನುಮಾನ ಬಲವಾಗುತ್ತದೆ. ಖಚಿತಪಡಿಸಬೇಕಾದವರು ನಿದ್ರಾತಜ್ಞ ಅಥವಾ ನರರೋಗತಜ್ಞ. ಆ ಬರಹವನ್ನೇ ಅವರಿಗೆ ತೋರಿಸಿ.

ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ಮೆಲಟೋನಿನ್ ಎಂಬ ಹಾರ್ಮೋನು: ಸಣ್ಣ ಪ್ರಮಾಣ, ಹಲವರಿಗೆ 0.5 ಮಿಲಿಗ್ರಾಂ ಸಾಕು, ಮಲಗಬೇಕಾದ ಹೊತ್ತಿಗೆ ಸುಮಾರು ಒಂದು ಗಂಟೆ ಮೊದಲು. ಅದು ನಿದ್ದೆ ಮಾತ್ರೆಯಂತಲ್ಲ, ಗಡಿಯಾರಕ್ಕೆ ಕೊಡುವ ಸೂಚನೆ. ಆದ್ದರಿಂದ ದಿನವೂ ಅದೇ ಗಂಟೆಗೆ ತೆಗೆದುಕೊಳ್ಳಬೇಕು, ನಿದ್ದೆ ಬರದ ವಾರಗಳಲ್ಲೂ ಬಿಡಬಾರದು. ಹಿಡಿತಕ್ಕೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನಿಲ್ಲಿಸಿದರೆ ಜಾರುವಿಕೆ ಮರಳುತ್ತದೆ. ಬೇರೆ ಮಾತ್ರೆಗಳಿದ್ದರೆ, ಮುಖ್ಯವಾಗಿ ರಕ್ತ ತೆಳುವಾಗಿಸುವ ಅಥವಾ ಅಪಸ್ಮಾರದ ಔಷಧಗಳಿದ್ದರೆ, ಆರಂಭಿಸುವ ಮೊದಲೇ ವೈದ್ಯರಿಗೆ ತಿಳಿಸಿ.