ಹೈಬ್ರಿಡ್ ಟೊಮೆಟೊ ಹಣ್ಣಿನಿಂದ ಬೀಜ ಎತ್ತಿಟ್ಟುಕೊಳ್ಳಬಹುದೇ?

ಪ್ರಶ್ನೆ: ಚಳ್ಳಕೆರೆ ಹತ್ತಿರ ಒಂದು ಎಕರೆ ಬೋರ್‌ವೆಲ್ ಜಮೀನಿದೆ. ಪ್ರತಿ ಸಲ ಹೈಬ್ರಿಡ್ ಬೀಜದ ಪ್ಯಾಕೆಟ್ ಕೊಳ್ಳುವ ಬದಲು ಅದೇ ಹಣ್ಣಿನ ಬೀಜ ಹಾಕಿದರೆ ಆಗುತ್ತಾ? ಇಲ್ಲ, ನಾಟಿ ಬೀಜವೇ ವಾಸಿಯಾ?

ಹೈಬ್ರಿಡ್ ಹಣ್ಣಿನ ಬೀಜ ಹುಟ್ಟುತ್ತದೆ, ಗಿಡವೂ ಬರುತ್ತದೆ. ಆದರೆ ಒಂದು ಎಕರೆಗೆ ಅದನ್ನು ನಂಬಬೇಡಿ.

ಹೈಬ್ರಿಡ್ ಅಂದರೆ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ನಿಮ್ಮ ಕಡೆ ಬೇಸಿಗೆ ಟೊಮೆಟೊಗೆ ದೊಡ್ಡ ಶತ್ರು ಬಿಳಿ ನೊಣ ಹರಡುವ ಎಲೆ ಮುರುಟು ವೈರಸ್. ಅದನ್ನು ತಡೆಯುವ ಗುಣ ತಂದೆ ತಾಯಿಗಳಲ್ಲಿ ಒಂದು ಕಡೆಯಿಂದ ಮಾತ್ರ ಬಂದಿದ್ದರೆ, ಪ್ಯಾಕೆಟ್ಟಿನ ಗಿಡಗಳಲ್ಲಿ ಎಲ್ಲಕ್ಕೂ ಅದು ಇರುತ್ತದೆ. ಅವುಗಳ ಹಣ್ಣಿನಿಂದ ತೆಗೆದ ಬೀಜದಲ್ಲಿ ನಾಲ್ಕಕ್ಕೊಂದು ಗಿಡಕ್ಕೆ ಇರುವುದೇ ಇಲ್ಲ. ಸಾಲಿಗೆ ನಾಲ್ಕು ಅಡಿ, ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ ಎಕರೆಗೆ ಸುಮಾರು 7,200 ಗಿಡ. ಅದರಲ್ಲಿ 1,800 ಗಿಡಗಳಿಗೆ ತಡೆಯುವ ಶಕ್ತಿಯಿಲ್ಲ ಅಂದಾಯಿತು. ಅವು ಹೊಲದ ತುಂಬ ಚದುರಿಕೊಂಡಿರುತ್ತವೆ, ನರ್ಸರಿಯಲ್ಲಿ ನೋಡಿ ಬೇರ್ಪಡಿಸಲು ಬರುವುದಿಲ್ಲ. ಎರಡು ರೋಗ ತಡೆಯುವ ಹೈಬ್ರಿಡ್ ಆದರೆ ಹದಿನಾರಕ್ಕೆ ಒಂಬತ್ತು ಗಿಡಗಳಲ್ಲಿ ಮಾತ್ರ ಎರಡೂ ಗುಣ ಒಟ್ಟಿಗೆ ಉಳಿಯುತ್ತವೆ. ಕಾಯಿಯ ಗಾತ್ರ, ಸಿಪ್ಪೆಯ ಗಟ್ಟಿತನ, ಹಣ್ಣಾಗುವ ಸಮಯವೂ ಗಿಡಕ್ಕೊಂದು ಥರ ಆಗುತ್ತದೆ. ಮಂಡಿಯಲ್ಲಿ ಒಂದೇ ಕ್ರೇಟಿನಲ್ಲಿ ದಪ್ಪ ಸಣ್ಣ ಬೆರೆತಿದ್ದರೆ ರೇಟು ಬೀಳುವುದು ನಿಮಗೇ ಗೊತ್ತು.

ನಾಟಿ ಬೀಜದ ಸಂಗತಿ ಬೇರೆ. ಟೊಮೆಟೊ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಹಾಗಾಗಿ ಸ್ಥಿರವಾದ ತಳಿಯ ಬೀಜ ವರ್ಷ ವರ್ಷವೂ ತಾಯಿ ಗಿಡದಂತೆಯೇ ಬರುತ್ತದೆ. ಊರಲ್ಲಿ ಒಳ್ಳೆಯ ನಾಟಿ ಸಿಗದಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಅಥವಾ ಅರ್ಕಾ ಮೇಘಾಲಿಯಿಂದ ಶುರು ಮಾಡಿ. ಇವು ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು. ಆದರೆ ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್. ಹೆಸರು ನೋಡಿ ಮೋಸಹೋಗಬೇಡಿ, ಪ್ಯಾಕೆಟ್ ಮೇಲೆ F1 ಅಂತ ಇದೆಯಾ ನೋಡಿ.

ಹಾಗಂತ ಪೂರ್ತಿ ಎಕರೆಗೆ ನಾಟಿ ಹಾಕಿ ಅಂತ ನಾನು ಹೇಳುವುದಿಲ್ಲ. ತೆಳು ಸಿಪ್ಪೆಯ ಹುಳಿ ಟೊಮೆಟೊ ಸಂತೆಗೆ, ಮನೆಯ ಸಾರಿಗೆ ಚೆನ್ನ. ದೂರದ ಮಂಡಿಗೆ ಲಾರಿಯಲ್ಲಿ ಹೋಗುವಷ್ಟರಲ್ಲಿ ಒಡೆಯುತ್ತದೆ. ಬೇಸಿಗೆಯಲ್ಲಿ ಬಿಳಿ ನೊಣ ಏರಿದಾಗ ವೈರಸ್ಸಿಗೂ ಬೇಗ ತುತ್ತಾಗುತ್ತದೆ. 35 ಗುಂಟೆಗೆ ವೈರಸ್ ತಡೆಯುವ ಹೈಬ್ರಿಡ್ ಹಾಕಿ, 5 ಗುಂಟೆಗೆ ನಾಟಿ ಇಡಿ. ಆ 5 ಗುಂಟೆಯನ್ನು ಮಳೆಗಾಲದ ಕೊನೆಯಲ್ಲಿ ನೆಟ್ಟರೆ ಬೀಜಕ್ಕೆ ಒಳ್ಳೆಯ ಹಣ್ಣು ಸಿಗುತ್ತದೆ. ಅದು ಹೂ ಬಿಡುವಾಗ 25 ಮೀಟರ್ ಒಳಗೆ ಹೈಬ್ರಿಡ್ ಹೂವು ಇರದಂತೆ ನೋಡಿಕೊಳ್ಳಿ. ಜೇನು ಸ್ವಲ್ಪ ಪರಾಗ ಬೆರೆಸುತ್ತದೆ, ಅದಕ್ಕೇ ಅಂಚಿನ ಗಿಡ ಬಿಟ್ಟು ನಡುವಿನ ಗಿಡಗಳಿಂದಲೇ ಬೀಜ ತೆಗೆಯಿರಿ.

ಕಾಯಿ ಕಟ್ಟುವಾಗಲೇ ಎಲೆ ಮುರುಟದ, ಚುಕ್ಕೆಯಿಲ್ಲದ 30 ಗಿಡ ಆರಿಸಿ ದಾರ ಕಟ್ಟಿ. ಒಂದೇ ಒಳ್ಳೆಯ ಗಿಡದಿಂದ ತೆಗೆದರೆ ತಳಿಯೊಳಗಿನ ವೈವಿಧ್ಯ ಕಳೆದುಹೋಗುತ್ತದೆ. ಎರಡನೆಯ, ಮೂರನೆಯ ಗೊಂಚಲಿನ ಹಣ್ಣು ಗಿಡದಲ್ಲೇ ಪೂರ್ತಿ ಕೆಂಪಾಗಲಿ. ಕೆಜಿ ಹಣ್ಣಿಗೆ ಅಂದಾಜು 3 ಗ್ರಾಂ ಬೀಜ, ಗ್ರಾಮಿಗೆ 300 ಕಾಳು. 5 ಗುಂಟೆಯ 900 ಗಿಡಕ್ಕೆ ಒಣಗುವ, ಸಾಯುವ ಸಸಿ ಸೇರಿಸಿ 1,200 ಕಾಳು ಸಾಕು, ಅಂದರೆ ಒಂದೂವರೆ ಕೆಜಿ ಹಣ್ಣು. ಪ್ರತಿ ಗಿಡದಿಂದ ಒಂದೊಂದು ಹಣ್ಣು ತೆಗೆದರೂ ಮುಗಿಯಿತು.

ರಸ ಸಮೇತ ಬೀಜವನ್ನು ಪ್ಲಾಸ್ಟಿಕ್ ಡಬ್ಬಿಗೆ ಹಿಂಡಿ, ನೀರು ಹಾಕಬೇಡಿ, ಬಟ್ಟೆ ಮುಚ್ಚಿ ನೆರಳಲ್ಲಿಡಿ. ದಿನಕ್ಕೆ ಎರಡು ಮೂರು ಸಲ ಕಲಕಿ. ಸೆಖೆಗಾಲದಲ್ಲಿ 24 ಗಂಟೆ, ಚಳಿಯಲ್ಲಿ 48 ಗಂಟೆಯ ಹುಳಿಗೆ ಬೀಜದ ಸುತ್ತಲಿನ ಲೋಳೆ ಬಿಡುತ್ತದೆ. ಬೆರಳಿಗೆ ಬೀಜ ಒರಟಾಗಿ ತಾಗಿದರೆ ಆಯಿತು. ಅದಕ್ಕಿಂತ ಹೆಚ್ಚು ಬಿಟ್ಟರೆ ಡಬ್ಬಿಯಲ್ಲೇ ಮೊಳೆಯುತ್ತದೆ. ಈಗ ನೀರು ಹಾಕಿ ತೊಳೆಯಿರಿ, ತೇಲುವ ಜೊಳ್ಳನ್ನು ಚೆಲ್ಲಿ. ಬಟ್ಟೆಯ ಮೇಲೆ ತೆಳ್ಳಗೆ ಹರಡಿ ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ, ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಮೊಳಕೆ ಸಾಯುತ್ತದೆ. ಪೂರ್ತಿ ಒಣಗಿದ ಬೀಜ ಗಾಳಿಯಾಡದ ಡಬ್ಬಿಯಲ್ಲಿ ಮೂರು ವರ್ಷ ತಡೆಯುತ್ತದೆ.

ನರ್ಸರಿ ಹಾಕುವ ಹದಿನೈದು ದಿನ ಮೊದಲು 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹತ್ತು ದಿನದೊಳಗೆ 70ಕ್ಕಿಂತ ಕಡಿಮೆ ಮೊಳೆತರೆ ಆ ಬೀಜವನ್ನು ಒಂದೂವರೆ ಪಟ್ಟು ಹಾಕಿ. 50ಕ್ಕಿಂತ ಇಳಿದಿದ್ದರೆ ಬೇರೆ ಬೀಜ ಹುಡುಕಲು ಇನ್ನೂ ಐದು ದಿನ ಕೈಯಲ್ಲಿರುತ್ತದೆ.